ಜರ್ಮನ್ ಕ್ರಿಯಾಪದಕ್ಕೆ ನಮ್ಮ ವರ್ಣಮಾಲೆಯ ಕೀಲಿ

ಜರ್ಮನ್ ಪಠ್ಯಪುಸ್ತಕಗಳ ಕೊನೆಯಲ್ಲಿ ಸಾಮಾನ್ಯವಾಗಿ ಅಕ್ಷರಾನುಕ್ರಮದ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಪ್ರತಿ ಸಾಲಿನಲ್ಲೂ ಕ್ರಿಯಾಪದದ ಮೂರು ರೂಪಗಳು: ಮೂಲರೂಪ, ಭೂತಕಾಲ, ಕೃದಂತ. ಕಲಿಯುವವರು ಅದನ್ನು ಮೇಲಿನಿಂದ ಕೆಳಗೆ ಬಾಯಿಪಾಠ ಮಾಡಲು ಹೊರಡುತ್ತಾರೆ, ‘ಬ’ ಅಕ್ಷರ ದಾಟುವುದರೊಳಗೆ ಸುಸ್ತಾಗುತ್ತಾರೆ. ತಪ್ಪು ಅವರ ನೆನಪಿನದಲ್ಲ, ಪಟ್ಟಿಯ ಕ್ರಮದ್ದು. ಬೈಸನ್ (ಕಚ್ಚು), ಬೀಟನ್ (ನೀಡಮುಂದಾಗು), ಬಿಂಡನ್ (ಕಟ್ಟು), ಬಿಟನ್ (ಕೋರು) ಅಲ್ಲಿ ನೆರೆಹೊರೆಯವು. ಆದರೆ ನಾಲ್ಕರ ಸ್ವರಗಳೂ ನಾಲ್ಕು ದಾರಿ ಹಿಡಿಯುತ್ತವೆ. ಬೈಸನ್‌ನ ನಿಜವಾದ ಒಡನಾಡಿಗಳು ಗ್ರೈಫನ್, ರೈಟನ್. ಅವು ಪುಟಗಳಾಚೆ ಎಲ್ಲೋ ಇರುತ್ತವೆ.

ಧಾತುವಿನ ಸ್ವರವನ್ನೇ ಬದಲಿಸಿಕೊಂಡು ಭೂತಕಾಲಕ್ಕೆ ಹೋಗುವ ಇಂಥ ಕ್ರಿಯಾಪದಗಳನ್ನು ಜರ್ಮನರು ‘ಪ್ರಬಲ’ ಎನ್ನುತ್ತಾರೆ, ಪ್ರತ್ಯಯ ಹಚ್ಚಿಕೊಂಡು ಹೋಗುವವನ್ನು ‘ದುರ್ಬಲ’ ಎನ್ನುತ್ತಾರೆ. ಈ ಹೆಸರುಗಳು 1819ರಲ್ಲಿ ಮೊದಲ ಸಂಪುಟ ಕಂಡ ಯಾಕೋಬ್ ಗ್ರಿಮ್‌ನ ಜರ್ಮನ್ ವ್ಯಾಕರಣದ ಕಾಲದವು. ಕಿನ್ನರಿ ಕಥೆಗಳ ಗ್ರಿಮ್ ಸೋದರರಲ್ಲಿ ಹಿರಿಯನೇ ಈತ.

ಪ್ರಬಲ ಕ್ರಿಯಾಪದಗಳನ್ನು ಸ್ವರದ ಪ್ರಕಾರ ಗುಂಪು ಮಾಡಿದರೆ ‘ಐ’ಕಾರದ ಗುಂಪು ಬಹಳ ದೊಡ್ಡದು. ಕನ್ನಡಿಗರು ಮೊದಲು ಕಲಿಯಬೇಕಾದ್ದೂ ಇದನ್ನೇ ಎಂಬುದು ನನ್ನ ಅಭಿಪ್ರಾಯ. ಇದರೊಳಗೆ ಎರಡು ಕವಲುಗಳಿವೆ. ಶ್ರೈಬನ್ (ಬರೆ) ಭೂತಕಾಲದಲ್ಲಿ ಶ್ರೀಪ್, ಕೃದಂತದಲ್ಲಿ ಗೆಶ್ರೀಬನ್: ‘ಐ’ ಹೋಗಿ ದೀರ್ಘ ‘ಈ’. ಗ್ರೈಫನ್ (ಹಿಡಿ) ಆದರೋ ಗ್ರಿಫ್, ಗೆಗ್ರಿಫನ್: ಇಲ್ಲಿ ಹ್ರಸ್ವ ‘ಇ’. ಯಾವುದು ದೀರ್ಘ, ಯಾವುದು ಹ್ರಸ್ವ ಎಂದು ಒಂದೊಂದಕ್ಕೂ ಪ್ರತ್ಯೇಕವಾಗಿ ನೆನಪಿಡಬೇಕಿಲ್ಲ. ಮೂಲರೂಪದಲ್ಲಿ ‘ಐ’ ಆದ ಮೇಲೆ ಬರುವ ವ್ಯಂಜನವನ್ನು ಕೇಳಿಸಿಕೊಂಡರೆ ಸಾಕು.

ನಮ್ಮ ವರ್ಣಮಾಲೆ ಇಲ್ಲಿ ನೆರವಿಗೆ ಬರುತ್ತದೆ. ಘೋಷ, ಅಘೋಷ ಎಂಬ ಭೇದವನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ. ‘ಐ’ ಆದ ಮೇಲೆ ಬ, ಗ, ನ, ಜ ಮುಂತಾದ ಘೋಷಧ್ವನಿ ಬಂದರೆ ಸ್ವರ ದೀರ್ಘ: ಶ್ಟೈಗನ್ (ಏರು) ಶ್ಟೀಕ್ ಆಗುತ್ತದೆ, ಶೈನನ್ (ಹೊಳೆ) ಶೀನ್ ಆಗುತ್ತದೆ. ಟ, ಫ, ಸ ಮುಂತಾದ ಅಘೋಷಧ್ವನಿ ಬಂದರೆ ಹ್ರಸ್ವ: ರೈಟನ್ (ಸವಾರಿ ಮಾಡು) ರಿಟ್, ಬೈಸನ್ ಬಿಸ್. ಲೈಅನ್ (ಸಾಲ ಕೊಡು) ಎಂಬಲ್ಲಿ ‘ಐ’ ಆದ ಮೇಲೆ ವ್ಯಂಜನವೇ ಕೇಳಿಸುವುದಿಲ್ಲ. ಅಂಥಲ್ಲೂ ದೀರ್ಘವೇ: ಲೀ, ಗೆಲೀಅನ್.

ಹಿಂದೆಂದೂ ಕಾಣದ ಎರಡು ಪದಗಳು ಎದುರಾದವು ಎನ್ನೋಣ: ಶ್ವೈಗನ್ (ಸುಮ್ಮನಿರು), ಪ್ಫೈಫನ್ (ಶಿಳ್ಳೆ ಹಾಕು). ಮೊದಲನೆಯದರಲ್ಲಿ ‘ಗ’ ಘೋಷ, ಹಾಗಾಗಿ ಶ್ವೀಕ್, ಗೆಶ್ವೀಗನ್. ಎರಡನೆಯದರಲ್ಲಿ ‘ಫ’ ಅಘೋಷ, ಹಾಗಾಗಿ ಪ್ಫಿಫ್, ಗೆಪ್ಫಿಫನ್. ನಿಘಂಟು ತೆರೆದು ನೋಡಿದರೆ ಎರಡೂ ಸರಿ.

ಈ ನಿಯಮಕ್ಕೆ ಎದುರಾಗಿ ನಿಲ್ಲುವ ಪದ ಶ್ನೈಡನ್ (ಕತ್ತರಿಸು). ‘ಡ’ ಘೋಷವಾದರೂ ಅದರ ಭೂತಕಾಲ ಶ್ನಿಟ್, ಹ್ರಸ್ವ. ಲೈಡನ್ (ನರಳು) ಕೂಡ ಹಾಗೆಯೇ, ಲಿಟ್. ಆದರೆ ಇವುಗಳ ಕೃದಂತ ನೋಡಿ: ಗೆಶ್ನಿಟನ್, ಗೆಲಿಟನ್. ‘ಡ’ಕಾರವೇ ‘ಟ’ಕಾರವಾಗಿದೆ, ಅಘೋಷದ ಹಿಂದೆ ಹ್ರಸ್ವ ಎಂಬ ನಡೆಗೇ ಬಂದು ಸೇರಿದೆ. ‘ಕೊಡು’ವನ್ನು ‘ಕೊಟ್ಟ’, ‘ಬಿಡು’ವನ್ನು ‘ಬಿಟ್ಟ’ ಎನ್ನುವ ನಮಗೆ ಇದು ಹೊಸತಲ್ಲ. ಎರಡು ಭಾಷೆಗಳ ಕಾರಣಗಳು ಬೇರೆ, ಆದರೂ ನೆನಪಿಗೆ ಈ ಸಾಮ್ಯ ಒಳ್ಳೆಯ ಆಸರೆ. ನಿಜವಾಗಿ ಹೊರಗೆ ಉಳಿಯುವುದು ಹೈಸನ್ (ಹೆಸರಿರು): ಹೀಸ್, ಗೆಹೈಸನ್. ಕೃದಂತದಲ್ಲಿ ‘ಐ’ ಮರಳುವುದರಿಂದಲೇ ಅದು ಬೇರೆ ಗುಂಪಿನದೆಂದು ತಿಳಿಯುತ್ತದೆ.

‘ಇ’ಕಾರದ ಗುಂಪಿನಲ್ಲೂ ಸುಳಿವು ಕೊಡುವುದು ಮುಂದಿನ ವ್ಯಂಜನವೇ. ಅನುನಾಸಿಕಕ್ಕೆ ಇನ್ನೊಂದು ವ್ಯಂಜನ ಕೂಡಿದ್ದರೆ ಇ-ಅ-ಉ: ಟ್ರಿಂಕನ್ (ಕುಡಿ), ಟ್ರಂಕ್, ಗೆಟ್ರುಂಕನ್; ಬಿಂಡನ್, ಬಂಟ್, ಗೆಬುಂಡನ್. ಅನುನಾಸಿಕ ಒಂದೇ ಕೇಳಿಸಿದರೆ ಕೊನೆಯ ಸ್ವರ ‘ಒ’: ಶ್ವಿಮನ್ (ಈಜು), ಶ್ವಮ್, ಗೆಶ್ವೊಮನ್. ಜಿಂಗನ್ (ಹಾಡು) ಎಂಬುದನ್ನು ಬರೆಯುವಾಗ ಎರಡು ವ್ಯಂಜನಗಳಿರುವುದರಿಂದ ಅದು ಮೊದಲ ಸಾಲಿಗೇ ಸೇರುತ್ತದೆ: ಜಂಗ್, ಗೆಜುಂಗನ್. ಅದೇ ಪ್ರಾಸದ ಬ್ರಿಂಗನ್ (ತರು) ಮಾತ್ರ ಬ್ರಖ್ಟೆ, ಗೆಬ್ರಖ್ಟ್ ಎಂದು ಬೇರೆ ಹಾದಿ ಹಿಡಿಯುತ್ತದೆ. ಕಲಿಯುವವರ ಬಾಯಲ್ಲಿ ಬರುವ ‘ಗೆಬ್ರುಂಗನ್’ ಈ ಗುಂಪಿನ ಸೆಳೆತಕ್ಕೆ ಹುಟ್ಟಿದ ತಪ್ಪು.

ಈ ಕ್ರಮಕ್ಕೆ ಒಂದು ಮಿತಿಯಿದೆ. ಪದ ಪ್ರಬಲವೆಂದು ಗೊತ್ತಾದ ಮೇಲಷ್ಟೇ ಸ್ವರದ ದಾರಿ ಹೇಳಲು ಬರುತ್ತದೆ. ಪ್ರಬಲವೋ ದುರ್ಬಲವೋ ಎಂಬುದನ್ನು ವ್ಯಂಜನ ಹೇಳುವುದಿಲ್ಲ. ತ್ಸೈಗನ್ (ತೋರಿಸು) ಕಿವಿಗೆ ಶ್ಟೈಗನ್‌ನಂತೆಯೇ ಕೇಳಿಸಿದರೂ ದುರ್ಬಲ: ತ್ಸೈಕ್ಟೆ, ಗೆತ್ಸೈಕ್ಟ್. ರೈಜನ್ (ಪ್ರಯಾಣಿಸು) ಕೂಡ ದುರ್ಬಲವೇ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಗುಂಪಿಗೂ ಎದುರುಬದುರಾಗಿ ಎರಡು ಪುಟ ಬಿಡುವುದು ಒಳ್ಳೆಯದು: ಎಡಕ್ಕೆ ಗುಂಪಿನ ಸದಸ್ಯರು, ಬಲಕ್ಕೆ ಹಾಗೆ ಕೇಳಿಸಿಯೂ ಸೇರದವರು. ಹೊಸ ಪದ ಬರೆಯುವಾಗ ಅದರ ಕೃದಂತ ‘ಅನ್’ ಎಂದು ಮುಗಿಯುತ್ತದೆಯೇ ‘ಟ್’ ಎಂದೇ ಎಂದು ನಿಘಂಟಿನಲ್ಲಿ ನೋಡಿದರೆ ಯಾವ ಪುಟಕ್ಕೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಉಪಸರ್ಗ ಹತ್ತಿದ ಪದಗಳಿಗೆ ಬೇರೆ ಪುಟ ಬೇಡ. ಉಂಟರ್‌ಶ್ರೈಬನ್ (ಸಹಿ ಹಾಕು) ಉಂಟರ್‌ಶ್ರೀಪ್ ಆಗುತ್ತದೆ, ಔಫ್‌ಶ್ರೈಬನ್ (ಬರೆದಿಟ್ಟುಕೊ) ಕೃದಂತದಲ್ಲಿ ಔಫ್‌ಗೆಶ್ರೀಬನ್ ಆಗುತ್ತದೆ. ‘ಗೆ’ ಕೆಲವೆಡೆ ಬಿಟ್ಟುಹೋಗುತ್ತದೆ, ಕೆಲವೆಡೆ ನಡುವೆ ಬಂದು ಕೂರುತ್ತದೆ. ಧಾತುವಿನ ಸ್ವರ ಮಾತ್ರ ಶ್ರೈಬನ್‌ನದೇ.