ಖವಾ ಕಿಲೋಗೆ ಎಷ್ಟು ರೂಪಾಯಿ? ಮೊದಲು ವೆಚ್ಚ ಬರೆಯಿರಿ



ಹಾಲಿನ ದರವನ್ನು ಒಕ್ಕೂಟ ನಿಗದಿ ಮಾಡುತ್ತದೆ. ಆದರೆ ಖವಾ ಕಾಯಿಸಿ ತಿಕೋಟಾ ಅಥವಾ ವಿಜಯಪುರದಲ್ಲಿ ಮಾರಿದರೆ ದರ ಹೇಳಬೇಕಾದವರು ನೀವೇ. ಆಕಳು, ಎಮ್ಮೆ ನೋಡಲು ಬಂದಾಗ ನಾನು ಹೆಚ್ಚಾಗಿ ಕೇಳುವ ಮಾತು ಒಂದೇ: "ಹಾಲು ಮನೀದು ಸರ್, ಖರ್ಚು ಏನದ?" ತಪ್ಪು ಆಗುವುದು ಅಲ್ಲೇ.

ಒಂದು ತಿಂಗಳ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ. ದಿನಕ್ಕೆ 10 ಲೀಟರ್‌ನಂತೆ 300 ಲೀಟರ್ ಎಮ್ಮೆ ಹಾಲು. ಅದರಿಂದ ಸುಮಾರು 60 ಕಿಲೋ ಖವಾ ಬರುತ್ತದೆ. ಆಕಳ ಹಾಲಿಗೆ ಇದಕ್ಕಿಂತ ಕಡಿಮೆ.

ಹಾಲು, 50 ರೂಪಾಯಿಯಂತೆ: 15,000
ಕಾಯಿಸುವವರ ಕೂಲಿ, ದಿನಕ್ಕೆ 80: 2,400
ಮೂಲ ವೆಚ್ಚ: 17,400
ಗ್ಯಾಸ್ ಅಥವಾ ಕಟ್ಟಿಗೆ 1,800, ಕಡಾಯಿ ಸವೆತ 200: 2,000
ತಯಾರಿಕಾ ವೆಚ್ಚ: 19,400
ಲೆಕ್ಕದ ಪುಸ್ತಕ, ಫೋನ್: 100
ಉತ್ಪಾದನಾ ವೆಚ್ಚ: 19,500 (ಕಿಲೋಗೆ 325)
ಮಾರದೆ ಉಳಿದ 4 ಕಿಲೋ ಕಳೆಯಿರಿ: 1,300
ಮಾರಿದ ಸರಕಿನ ವೆಚ್ಚ: 18,200
ಡಬ್ಬಿ, ಬಸ್ ಖರ್ಚು: 1,400
ಮಾರಾಟದವರೆಗಿನ ಒಟ್ಟು ವೆಚ್ಚ: 19,600

ಮಾರಿದ್ದು 56 ಕಿಲೋ. ಅಂದರೆ ಕಿಲೋಗೆ 350 ರೂಪಾಯಿ.

ಮನೆಯ ಹಾಲಿಗೆ ಯಾವ ದರ ಹಾಕಬೇಕು? ಸಂಘದ ಚೀಟಿಯಲ್ಲಿ ಜಿಡ್ಡಿನ ಮೇಲೆ ನಿಮಗೆ ಸಿಗುತ್ತಿದ್ದ ದರವನ್ನೇ ಹಾಕಿ. ಕಡಾಯಿ 4,800 ರೂಪಾಯಿಯದಾಗಿದ್ದು ಎರಡು ವರ್ಷ ಬಾಳಿದರೆ ತಿಂಗಳಿಗೆ 200 ಸವೆತ. ಸೀದು ಹೋದ ಅಥವಾ ಹುಳಿಯಾದ ಖವಾವನ್ನು 60 ಕಿಲೋದಲ್ಲಿ ಸೇರಿಸಬೇಡಿ. ಕೈಗೆ ಬಂದದ್ದನ್ನಷ್ಟೇ ತೂಗಿ ಬರೆಯಿರಿ. ಕೆಚ್ಚಲು ಬಾವಿನ ಹಾಲು ಕುದಿಸುವಾಗ ಒಡೆಯುವುದುಂಟು. ಅಂಥ ಹಾಲನ್ನು ಕಡಾಯಿಗೆ ಹಾಕದೆ ಬೇರೆ ಇಟ್ಟು, ಎಮ್ಮೆಗೆ ಚಿಕಿತ್ಸೆ ಮಾಡಿಸಿ.

ಇನ್ನು ಲಾಭ. ಮಾರುವ ದರದಲ್ಲಿ 100ಕ್ಕೆ 20 ಉಳಿಯಬೇಕೆಂದರೆ 350ಕ್ಕೆ 20 ಶೇಕಡಾ, ಅಂದರೆ 70 ರೂಪಾಯಿ ಸೇರಿಸಿ 420 ಎನ್ನುವುದು ತಪ್ಪು. 420ರಲ್ಲಿ 70 ಎಂದರೆ ಆರನೇ ಒಂದು ಪಾಲು ಮಾತ್ರ. ದರದ ಐದು ಪಾಲಿನಲ್ಲಿ ಒಂದು ಲಾಭವಾದರೆ, ಉಳಿದ ನಾಲ್ಕು ಪಾಲು 350. ಒಂದು ಪಾಲು 87.50. ಹಾಗಾಗಿ ದರ 437.50, ಅಂದರೆ ಸುಮಾರು 438 ರೂಪಾಯಿ.

ಪೇಟೆಯ ಅಂಗಡಿಯವರು 300ರ ಮೇಲೆ ಏರದಿದ್ದರೆ? 60 ಕಿಲೋ ಪೂರ್ತಿ ಮಾರಿದರೂ 18,000 ಬರುತ್ತದೆ. ಉರುವಲು, ಸವೆತ, ಪುಸ್ತಕ, ಡಬ್ಬಿ, ಬಸ್ಸಿನ 3,500 ಕಳೆದರೆ 14,500. ಅದೇ ಹಾಲನ್ನು ಸಂಘಕ್ಕೆ ಹಾಕಿದ್ದರೆ 15,000 ಬರುತ್ತಿತ್ತು. ತಿಂಗಳಿಡೀ ಒಲೆಯ ಮುಂದೆ ನಿಂತು, 500 ರೂಪಾಯಿ ಕಳೆದುಕೊಂಡಂತಾಯಿತು. ಆ ತಿಂಗಳು ಹಾಲನ್ನು ಸಂಘಕ್ಕೇ ಹಾಕಿ. ಹಬ್ಬ, ಮದುವೆ ಕಾಲದಲ್ಲಿ ಗಿರಾಕಿ 438 ಕೊಡಲು ಒಪ್ಪಿದಾಗ ಕಡಾಯಿ ಇಳಿಸಿ.