ಹತ್ತೂ ನಲವತ್ತಕ್ಕೆ ಸುಸ್ತಾಗುವ ಡಿಸ್ಕ್

ಸಗಟು ವ್ಯಾಪಾರದ ಒಂದು ಕಂಪನಿಯ ಬಿಲ್ಲಿಂಗ್ ವ್ಯವಸ್ಥೆ ಕೆಲವು ತಿಂಗಳು ನನ್ನ ಪಾಲಿಗೆ ಬಂದಿತ್ತು. ಶಾಖೆಗಳು ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಿದ್ದವು. ಹತ್ತೂ ನಲವತ್ತರವರೆಗೆ ಎಲ್ಲವೂ ಸರಾಗ. ಆಮೇಲೆ ಒಂದೊಂದು ಬಿಲ್ಲಿಗೂ ಗಿರಾಕಿ ಕೌಂಟರಿನ ಮುಂದೆ ಬೆರಳು ಕುಟ್ಟುತ್ತಾ ನಿಲ್ಲಬೇಕು. ಊಟದ ಹೊತ್ತಿಗೆ ಸ್ವಲ್ಪ ಚೇತರಿಕೆ, ಮೂರು ಗಂಟೆಯ ಮೇಲೆ ಮತ್ತೆ ಅದೇ ಗೋಳು. ಸಿಪಿಯು ನೋಡಿದರೆ ಶೇಕಡ 15ಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಾವು ಇಂಡೆಕ್ಸ್ ಹಾಕಿದೆವು, ಸರ್ವರ್ ರೀಸ್ಟಾರ್ಟ್ ಮಾಡಿದೆವು, ನೆಟ್‌ವರ್ಕ್‌ನವರನ್ನು ಬೈದೆವು. ಡಿಸ್ಕಿನ ಕಡೆ ಕಣ್ಣು ಹೋದದ್ದು ಕೊನೆಗೆ.

```
iostat -x 5
```

ಈ ಆಜ್ಞೆ ಐದೈದು ಸೆಕೆಂಡಿಗೊಮ್ಮೆ ಡಿಸ್ಕಿನ ನಾಡಿ ಹಿಡಿದು ತೋರಿಸುತ್ತದೆ. ಹತ್ತೂ ಕಾಲಿಗೆ ಸೆಕೆಂಡಿಗೆ ಸುಮಾರು 2,800 ಓದು-ಬರಹಗಳಾಗುತ್ತಿದ್ದವು. ಒಂದೊಂದಕ್ಕೂ ಕಾಯುವ ಸಮಯ ಒಂದು ಮಿಲಿಸೆಕೆಂಡಿನ ಆಸುಪಾಸು, ಸಾಲಿನಲ್ಲಿ ನಿಂತಿದ್ದ ಕೋರಿಕೆಗಳು ಮೂರು. ಹತ್ತೂ ಮುಕ್ಕಾಲಿಗೆ ಓದು-ಬರಹ 600ಕ್ಕೆ ಇಳಿದಿತ್ತು, ಸಾಲು 30ಕ್ಕೆ ಬೆಳೆದಿತ್ತು, ಕಾಯುವ ಸಮಯ 50 ಮಿಲಿಸೆಕೆಂಡ್ ಮುಟ್ಟಿತ್ತು. ಲೆಕ್ಕ ಸರಿಯಾಗಿಯೇ ಇದೆ: ಸೆಕೆಂಡಿಗೆ 600 ಜನರನ್ನು ಬಿಡುವ ಗೇಟಿನ ಮುಂದೆ 30 ಜನ ನಿಂತರೆ, ಕೊನೆಯವನ ಸರದಿಗೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಬೇಕು. ನನ್ನನ್ನು ಎಚ್ಚರಿಸಿದ್ದು ಆ 600 ಎಂಬ ದುಂಡನೆಯ ಸಂಖ್ಯೆ. ಕೆಲಸವೇ ಕಡಿಮೆಯಾಗಿದ್ದರೆ ಗ್ರಾಫು ಏರಿಳಿಯುತ್ತದೆ. ಗೆರೆ ಎಳೆದ ಹಾಗೆ ಮಟ್ಟಸವಾಗಿ ನಿಂತಿದೆ ಎಂದರೆ ಯಾರೋ ಮೇಲಿನಿಂದ ಅದುಮಿ ಹಿಡಿದಿದ್ದಾರೆ ಎಂದೇ ಅರ್ಥ.

ಅಮೆಜಾನ್ ಕ್ಲೌಡಿನಲ್ಲಿ ನಮ್ಮ ಸರ್ವರಿನ ಡಿಸ್ಕ್ ಸರ್ವರಿನ ಒಳಗೆ ಇರುವುದಿಲ್ಲ. ಅದು ನೆಟ್‌ವರ್ಕಿನ ಆಚೆ ಇರುತ್ತದೆ. ಇಬಿಎಸ್ ಎಂಬ ಈ ಸೇವೆಯಲ್ಲಿ ಡಿಸ್ಕಿಗೆ ವಾಲ್ಯೂಮ್ ಎನ್ನುತ್ತಾರೆ. ಜಾಗವನ್ನು ಜಿಬಿ ಲೆಕ್ಕದಲ್ಲಿ ಕೊಡುವ ಹಾಗೆಯೇ ವೇಗವನ್ನೂ ಅಳೆದೇ ಕೊಡುತ್ತಾರೆ. ನಮ್ಮದು gp2 ಜಾತಿಯ 200 ಜಿಬಿ ವಾಲ್ಯೂಮ್. ಈ ಜಾತಿಯಲ್ಲಿ ಒಂದು ಜಿಬಿಗೆ ಸೆಕೆಂಡಿಗೆ ಮೂರು ಓದು-ಬರಹ, ಅಂದರೆ ಮೂರು ಐಆಪ್ಸ್, ಹಕ್ಕಿನಿಂದ ಸಿಗುತ್ತವೆ. 200 ಜಿಬಿಗೆ 600. ಹಾಗಾದರೆ ಬೆಳಿಗ್ಗೆ 2,800 ಎಲ್ಲಿಂದ ಬಂತು?

ಬೆಂಗಳೂರಿನ ಮನೆಗಳ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ರಾತ್ರಿಯೆಲ್ಲಾ ಸಣ್ಣಗೆ ಬಂದ ನೀರು ತುಂಬಿರುತ್ತದೆ, ಬೆಳಿಗ್ಗೆ ನಾಲ್ಕು ನಲ್ಲಿ ಒಟ್ಟಿಗೆ ಬಿಟ್ಟರೂ ಜೋರಾಗಿ ಸುರಿಯುತ್ತದೆ. ಟ್ಯಾಂಕ್ ಬರಿದಾದ ಮೇಲೆ ಪೈಪಿನಲ್ಲಿ ಬಂದಷ್ಟೇ ನೀರು. gp2 ವಾಲ್ಯೂಮಿಗೂ ಇಂಥದೊಂದು ಟ್ಯಾಂಕ್ ಇದೆ, 54 ಲಕ್ಷ ಕ್ರೆಡಿಟ್ ಹಿಡಿಯುವಂಥದು. ಒಂದು ಕ್ರೆಡಿಟ್ ಎಂದರೆ ಒಂದು ಓದು ಅಥವಾ ಬರಹ. ಟ್ಯಾಂಕಿನಲ್ಲಿ ಇರುವವರೆಗೆ 3,000 ಐಆಪ್ಸ್‌ವರೆಗೂ ಓಡಬಹುದು. ನಾವು ಸೆಕೆಂಡಿಗೆ 2,800 ಬಳಸುತ್ತಿದ್ದೆವು, 600 ಬಂದು ಸೇರುತ್ತಿತ್ತು. ಹೀಗೆ ಸೆಕೆಂಡಿಗೆ 2,200 ಖಾಲಿಯಾದರೆ 54 ಲಕ್ಷ ಮುಗಿಯಲು 2,454 ಸೆಕೆಂಡ್, ಅಂದರೆ 41 ನಿಮಿಷ. ಹತ್ತಕ್ಕೆ ಬಾಗಿಲು ತೆರೆದರೆ ಹತ್ತೂ ನಲವತ್ತಕ್ಕೆ ಟ್ಯಾಂಕ್ ಬರಿದು! ಯಾರೂ ಬಳಸದಿದ್ದರೆ ಮತ್ತೆ ತುಂಬಲು ಎರಡೂವರೆ ಗಂಟೆ ಸಾಕು, ಆದ್ದರಿಂದ ರಾತ್ರಿ ಕಳೆದರೆ ರೋಗವೇ ಮಾಯ. ಕ್ಲೌಡ್‌ವಾಚ್‌ನಲ್ಲಿ `BurstBalance` ಎಂಬ ಅಂಕಿ ಈ ಟ್ಯಾಂಕಿನ ಮಟ್ಟವನ್ನು ಶೇಕಡಾವಾರು ತೋರಿಸುತ್ತಲೇ ಇತ್ತು. ನಾವೇ ನೋಡಿರಲಿಲ್ಲ.

ಇದಕ್ಕೆ ಆ ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದ ಮದ್ದು, ಬೇಡದಿದ್ದರೂ ದೊಡ್ಡ ಡಿಸ್ಕ್ ಕೊಳ್ಳುವುದು. 1,000 ಜಿಬಿ ತೆಗೆದುಕೊಂಡರೆ 3,000 ಐಆಪ್ಸ್ ಖಾಯಂ. ಅಮೆರಿಕದ ವರ್ಜೀನಿಯಾ ಕೇಂದ್ರದ ದರದಲ್ಲಿ gp2 ಜಿಬಿಗೆ ತಿಂಗಳಿಗೆ 10 ಸೆಂಟ್, ಹಾಗಾಗಿ 20 ಡಾಲರ್ ಇದ್ದದ್ದು 100 ಆಗುತ್ತದೆ. (ಮುಂಬೈ ದರ ತುಸು ಜಾಸ್ತಿ.) 2020ರ ಡಿಸೆಂಬರಿನಲ್ಲಿ gp3 ಬಂದ ಮೇಲೆ ಈ ಮದ್ದಿಗೆ ಅರ್ಥ ಉಳಿಯಲಿಲ್ಲ. ಅದರಲ್ಲಿ ಟ್ಯಾಂಕೇ ಇಲ್ಲ. ಗಾತ್ರ ಎಷ್ಟೇ ಇರಲಿ, 3,000 ಐಆಪ್ಸ್ ದಿನವಿಡೀ ಸಿಗುತ್ತದೆ. ಜಿಬಿಗೆ 8 ಸೆಂಟ್. ನಮ್ಮ 200 ಜಿಬಿಗೆ 16 ಡಾಲರ್, ಅಂದರೆ ಮೊದಲಿಗಿಂತಲೂ ಕಡಿಮೆ. 3,000 ಸಾಲದಿದ್ದರೆ ಮೇಲಿನ ಒಂದೊಂದು ಐಆಪ್ಸ್‌ಗೆ ಅರ್ಧ ಸೆಂಟ್ ಕೊಟ್ಟು ಕೊಳ್ಳಬಹುದು, 6,000 ಬೇಕೆಂದರೆ ಒಟ್ಟು 31 ಡಾಲರ್. ಅಷ್ಟನ್ನೇ gp2ನಲ್ಲಿ ಪಡೆಯಲು 2,000 ಜಿಬಿ ಕೊಂಡು 200 ಡಾಲರ್ ಕಟ್ಟಬೇಕು.

ಬದಲಾವಣೆಗೆ ಡೇಟಾಬೇಸ್ ನಿಲ್ಲಿಸಬೇಕಾಗಿಲ್ಲ.

```
aws ec2 modify-volume --volume-id <ID> \
  --volume-type gp3 --throughput 125
```

ವಾಲ್ಯೂಮ್ ಕೆಲ ಹೊತ್ತು `optimizing` ಎಂದು ತೋರಿಸುತ್ತಾ ಒಳಗೊಳಗೇ ಕೆಲಸ ಮುಗಿಸಿಕೊಳ್ಳುತ್ತದೆ. ನಾವು ಮಂಗಳವಾರ ಮಧ್ಯಾಹ್ನ, ಶಾಖೆಗಳು ಬಿಲ್ ಹಾಕುತ್ತಿರುವಾಗಲೇ ಮಾಡಿದೆವು.

ಬಿಲ್ಲಿಂಗ್ ಸರಿಹೋಯಿತು, ಆದರೆ ರಾತ್ರಿಯ ಬ್ಯಾಕಪ್ ಮಾತ್ರ ತೆವಳುತ್ತಲೇ ಇತ್ತು. ಇಲ್ಲಿ ಅಡ್ಡ ನಿಂತಿದ್ದು ಇನ್ನೊಂದು ಗೇಟು, ಥ್ರೂಪುಟ್. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಐಆಪ್ಸ್ ಎಣಿಸಿದರೆ, ಎಷ್ಟು ಎಂಬಿ ಎಂಬುದನ್ನು ಥ್ರೂಪುಟ್ ಅಳೆಯುತ್ತದೆ. ಪೋಸ್ಟ್‌ಗ್ರೆಸ್ ಒಂದು ಬಿಲ್ಲಿಗಾಗಿ ಅಲ್ಲೊಂದು ಇಲ್ಲೊಂದು 8 ಕೆಬಿ ಪುಟ ತೆಗೆಯುತ್ತದೆ. ಅಂಥ ಪುಟಗಳನ್ನು 3,000 ಸಲ ತಂದರೂ ಆಗುವುದು ಬರೀ 24 ಎಂಬಿಯಷ್ಟು. ಬ್ಯಾಕಪ್ ಹಾಗಲ್ಲ. ಕೋಷ್ಟಕವನ್ನು ತಲೆಯಿಂದ ಬುಡದವರೆಗೆ ಸಾಲಾಗಿ ಓದುತ್ತದೆ, ಪಕ್ಕಪಕ್ಕದ ಓದುಗಳು ಒಟ್ಟುಗೂಡಿ 256 ಕೆಬಿವರೆಗಿನ ಒಂದೇ ತುತ್ತಾಗುತ್ತವೆ. gp3 ಜೊತೆಗೆ ಬರುವ ಥ್ರೂಪುಟ್ 125 ಎಂಬಿ, ಅಂಥ 500 ತುತ್ತುಗಳಿಗೇ ಅದು ಮುಗಿಯಿತು. ಆಗ ಇನ್ನೂ 2,500 ಐಆಪ್ಸ್ ಸುಮ್ಮನೆ ಬಿದ್ದಿರುತ್ತವೆ, ಅವನ್ನು ಎಷ್ಟು ಹೆಚ್ಚಿಸಿದರೂ ಬ್ಯಾಕಪ್ ಒಂದು ನಿಮಿಷ ಬೇಗ ಮುಗಿಯುವುದಿಲ್ಲ. ಥ್ರೂಪುಟ್ಟನ್ನು 250ಕ್ಕೆ ಏರಿಸಲು ತಿಂಗಳಿಗೆ 5 ಡಾಲರ್ ಸಾಕಾಯಿತು.

ಮೂರನೆಯ ಗೇಟು ವಾಲ್ಯೂಮಿನಲ್ಲಿಲ್ಲ, ಸರ್ವರಿನಲ್ಲಿದೆ. m5.large ಎಂಬ ಸಾಧಾರಣ ಸರ್ವರ್ ದಿನವಿಡೀ ಎಳೆಯಬಲ್ಲದ್ದು 3,600 ಐಆಪ್ಸ್, ಸುಮಾರು 81 ಎಂಬಿ. ಅದಕ್ಕಿಂತ ಜೋರಾಗಿ ಓಡುವುದು ಅದಕ್ಕೂ ಸ್ವಲ್ಪ ಹೊತ್ತು ಮಾತ್ರ, ಅಲ್ಲೂ ಒಂದು ಟ್ಯಾಂಕ್ ಇದೆ. ಇಂಥ ಸರ್ವರಿಗೆ 6,000 ಐಆಪ್ಸ್ ವಾಲ್ಯೂಮ್ ಜೋಡಿಸಿ, ಯಾಕೆ ವೇಗ ಬರಲಿಲ್ಲ ಎಂದು ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ.

ಇನ್ನು io2 ಎಂಬ ಜಾತಿ. ದುಬಾರಿ ಇದ್ದದ್ದು ಒಳ್ಳೆಯದೇ ಇರಬೇಕೆಂದು ಮ್ಯಾನೇಜರುಗಳು ಮೊದಲು ಕೈ ಹಾಕುವುದು ಇದಕ್ಕೇ. 200 ಜಿಬಿ, 6,000 ಐಆಪ್ಸ್‌ಗೆ ತಿಂಗಳಿಗೆ 415 ಡಾಲರ್, gp3ಯ ಹದಿಮೂರು ಪಟ್ಟು! ಐಆಪ್ಸ್ ಅಷ್ಟೇ, ಹಾಗಾದರೆ ಮಿಕ್ಕ ದುಡ್ಡು ಯಾವುದಕ್ಕೆ? ಒಂದು, ಬಾಳಿಕೆಗೆ. ವರ್ಷಕ್ಕೆ gp3 ವಾಲ್ಯೂಮುಗಳಲ್ಲಿ ಸಾವಿರಕ್ಕೆ ಒಂದೋ ಎರಡೋ ಕೆಡಬಹುದು ಎಂದು ಅಮೆಜಾನೇ ಹೇಳುತ್ತದೆ, io2ನಲ್ಲಿ ಲಕ್ಷಕ್ಕೆ ಒಂದು. ಇನ್ನೊಂದು, ಪ್ರತಿಯೊಂದು ಬರಹವೂ ಬೇಗ ಮುಗಿಯುವುದಕ್ಕೆ. ಒಬ್ಬನೇ ಗುಮಾಸ್ತ ಒಂದಾದ ಮೇಲೊಂದು ಬಿಲ್ ಕಮಿಟ್ ಮಾಡುತ್ತಿದ್ದರೆ, ಹಿಂದಿನದು ಡಿಸ್ಕಿಗೆ ಸೇರಿತೆಂದು ಗೊತ್ತಾಗದೆ ಮುಂದಿನದು ಶುರುವಾಗದು. ಬರಹಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಸಾವಿರವೇ ಮಿತಿ, ಹತ್ತು ಸಾವಿರ ಐಆಪ್ಸ್ ಕೊಂಡಿಟ್ಟರೂ ಅಷ್ಟೇ. io2 ಅದನ್ನು ಅರ್ಧ ಮಿಲಿಸೆಕೆಂಡಿನ ಕೆಳಗೆ ತರಬಲ್ಲದು. ಬ್ಯಾಂಕಿನ ಲೆಡ್ಜರಿಗೆ ಇದು ಬೇಕು. ನಮ್ಮಲ್ಲಿ ಲಕ್ಷ ಸಾಲುಗಳ ದರಪಟ್ಟಿಯನ್ನು ಸಾಲಿಗೊಂದು ಕಮಿಟ್ ಹಾಕಿ ತುಂಬಿಸುತ್ತಿದ್ದ ಸ್ಕ್ರಿಪ್ಟಿಗೆ ಬೇಕಿದ್ದದ್ದು, ಸಾವಿರ ಸಾಲಿಗೊಂದು ಕಮಿಟ್ ಎಂಬ ತಿದ್ದುಪಡಿ ಮಾತ್ರ.

ನಮ್ಮ ಇನ್ನೊಂದು ಸರ್ವರಿನಲ್ಲಿ ಹಿಂದಿದ್ದವರು ಹಳೆಯ ಮದ್ದನ್ನು ಪಾಲಿಸಿ 1,000 ಜಿಬಿ ಕೊಂಡಿದ್ದರು. ಒಳಗಿದ್ದ ಡೇಟಾ 180 ಜಿಬಿ. ಅದನ್ನೂ gp3 ಮಾಡಿದಾಗ ಬಿಲ್ಲು 80 ಡಾಲರಿಗೆ ಇಳಿಯಿತು, ಆದರೆ 16ಕ್ಕೆ ಇಳಿಯಲಿಲ್ಲ. ಇಬಿಎಸ್ ವಾಲ್ಯೂಮನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. 200 ಜಿಬಿಯ ಹೊಸದೊಂದನ್ನು ಮಾಡಿ, ಒಂದು ಭಾನುವಾರ ರಾತ್ರಿ ಡೇಟಾಬೇಸ್ ನಿಲ್ಲಿಸಿ, ಕೂತು ನಕಲು ಮಾಡಿದೆವು.