ಕಲಕಿದ್ದು ಎಷ್ಟು ಜೋರಾಗಿ?

ಅಮೆರಿಕದ ಬರ್ಕ್ಲಿಯಲ್ಲಿ ಮೀನಾ ಬಿಸೆಲ್ ಅವರ ಪ್ರಯೋಗಾಲಯ, ಬಾಸ್ಟನ್ನಿನಲ್ಲಿ ಕೊರ್ನೇಲಿಯಾ ಪೋಲ್ಯಾಕ್ ಅವರದು. ಇಬ್ಬರೂ ಸ್ತನದ ಅಂಗಾಂಶದಿಂದ ಜೀವಕೋಶಗಳನ್ನು ಬಿಡಿಸಿ ಯಂತ್ರದಲ್ಲಿ ವಿಂಗಡಿಸುತ್ತಿದ್ದರು. ವಿಧಾನ ಒಂದೇ ಎಂದುಕೊಂಡಿದ್ದರೂ ಫಲಿತಾಂಶ ತಾಳೆಯಾಗಲಿಲ್ಲ. ಹುಡುಕಾಟ ಬಹಳ ಕಾಲ ನಡೆಯಿತು. ಕೊನೆಗೆ ಎರಡೂ ಕಡೆಯವರು ಅಕ್ಕಪಕ್ಕ ನಿಂತು ಕೆಲಸ ಮಾಡಿದಾಗ ಗುಟ್ಟು ರಟ್ಟಾಯಿತು: ಅಂಗಾಂಶವನ್ನು ಕರಗಿಸುವಾಗ ಒಬ್ಬರು ಜೋರಾಗಿ ಕಲಕಿ ಬೇಗ ಮುಗಿಸುತ್ತಿದ್ದರು, ಇನ್ನೊಬ್ಬರು ಮೆಲ್ಲಗೆ ಅಲುಗಿಸುತ್ತ ಹೆಚ್ಚು ಹೊತ್ತು ಬಿಡುತ್ತಿದ್ದರು. ಇದನ್ನು ಅವರು 2014ರಲ್ಲಿ ಒಟ್ಟಾಗಿ ಪ್ರಕಟಿಸಿದರು.

ಸಂಶೋಧನಾ ಲೇಖನದ ವಿಧಾನ ಭಾಗವನ್ನು ಪರಿಶೀಲಿಸುವವರು ಹುಡುಕಬೇಕಾದದ್ದು ಇಂಥ ಖಾಲಿ ಜಾಗಗಳನ್ನೇ. ಒಂದು ವಾಕ್ಯ ಹೀಗಿದೆ ಎನ್ನಿ: ‘ಅಂಗಾಂಶವನ್ನು ಕೊಲಾಜಿನೇಸ್‌ನಲ್ಲಿ ರಾತ್ರಿಯಿಡೀ ಕರಗಿಸಿ, 3,000 ಆರ್‌ಪಿಎಂನಲ್ಲಿ 5 ನಿಮಿಷ ತಿರುಗಿಸಲಾಯಿತು.’ ಓದಲು ಚೆನ್ನಾಗಿದೆ, ಮಾಡಲು ಹೊರಟರೆ ಕೈ ನಿಲ್ಲುತ್ತದೆ.

ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ಹಲವು ಬಗೆಗಳಿವೆ. ಒಂದೇ ಕಂಪನಿಯ ಒಂದೇ ಬಗೆಯಲ್ಲೂ ಲಾಟ್‌ನಿಂದ ಲಾಟ್‌ಗೆ ಅದರ ಚುರುಕು ಬೇರೆ. ಹಾಗಾಗಿ ಎಷ್ಟು ಮಿಲಿಗ್ರಾಂ ಹಾಕಿದೆವು ಎಂದರೆ ಸಾಲದು. ಕಂಪನಿ, ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ ಬೇಕು, ಒಂದು ಮಿಲಿಲೀಟರಿಗೆ ಎಷ್ಟು ಯೂನಿಟ್ ಎಂಬುದೂ ಬೇಕು. ಉಷ್ಣಾಂಶ ಹೇಳಿಲ್ಲ. ‘ರಾತ್ರಿಯಿಡೀ’ ಎಂದರೆ ಒಬ್ಬರಿಗೆ ಹತ್ತು ಗಂಟೆ, ತಡವಾಗಿ ಬರುವವರಿಗೆ ಹದಿನಾರು.

ಆರ್‌ಪಿಎಂನ ಕಥೆ ಇನ್ನೂ ಮೋಸದ್ದು, ಏಕೆಂದರೆ ಅದು ಖಚಿತವಾದ ಅಂಕಿಯಂತೆ ಕಾಣುತ್ತದೆ. ಕೋಶಗಳ ಮೇಲೆ ಬೀಳುವ ಬಲ, ಸುತ್ತಿನ ವೇಗದ ಜೊತೆಗೆ ರೋಟರ್‌ನ ತ್ರಿಜ್ಯವನ್ನೂ ಅವಲಂಬಿಸಿದೆ. 3,000 ಸುತ್ತಿಗೆ 10 ಸೆಂಟಿಮೀಟರ್ ತ್ರಿಜ್ಯದ ರೋಟರ್‌ನಲ್ಲಿ ಬಲ ಗುರುತ್ವದ ಸುಮಾರು 1,000 ಪಟ್ಟು. 17 ಸೆಂಟಿಮೀಟರಾದರೆ 1,700 ಪಟ್ಟು. ಬಲವನ್ನೇ ನೇರವಾಗಿ ಬರೆದರೆ ಈ ತೊಡಕಿಲ್ಲ.

‘ಹಿಂದೆ ವಿವರಿಸಿದಂತೆ’ ಎಂಬ ಮಾತು ಕಂಡರೆ ಆ ಹಳೆಯ ಲೇಖನವನ್ನು ತೆರೆದೇ ನೋಡಬೇಕು. ಅಲ್ಲೂ ಇನ್ನೊಂದು ಲೇಖನದತ್ತ ಕೈ ತೋರಿಸಿರುವುದು ಅಪರೂಪವೇನಲ್ಲ.

ಲೇಖಕರೇ ಹತ್ತು ಸಲ ಓದಿದರೂ ಇವೆಲ್ಲ ಕಣ್ಣಿಗೆ ಬೀಳುವುದು ಕಷ್ಟ. ಬಿಟ್ಟದ್ದನ್ನು ಅವರ ನೆನಪು ತುಂಬಿಕೊಡುತ್ತದೆ. ನನಗೆ ಕಂಡಂತೆ ಒಳ್ಳೆಯ ಉಪಾಯವೆಂದರೆ ಪಕ್ಕದ ಪ್ರಯೋಗಾಲಯದ ವಿದ್ಯಾರ್ಥಿಗೆ ಆ ಪುಟಗಳನ್ನಷ್ಟೇ ಕೊಟ್ಟು, ಮರುದಿನ ಬೆಳಿಗ್ಗೆ ಮಾಡಬೇಕಾದ ಕೆಲಸದ ಪಟ್ಟಿ ಬರೆಯಲು ಹೇಳುವುದು. ಅವಳು ‘ಸರ್, ಇದು ಎಷ್ಟು?’ ಎಂದು ಕೇಳಿದ ಕಡೆಯೆಲ್ಲ ಒಂದು ವಿವರ ಬಿಟ್ಟುಹೋಗಿದೆ. ಆದರೆ ಅವಳೂ ತನ್ನ ಅಭ್ಯಾಸದಂತೆಯೇ ಕಲಕುತ್ತಾಳೆ, ಅದನ್ನು ಕೇಳಬೇಕೆಂದೇ ಅವಳಿಗೆ ಹೊಳೆಯದಿರಬಹುದು. ಅಂಥ ಹಂತಗಳಿಗೆ ಪುಟ್ಟ ವಿಡಿಯೊ ಲಗತ್ತಿಸುವುದು ವಾಸಿ.